24 ಆಸನ, 95 ಅರ್ಜಿ

ಆಸನ ಕಡಿಮೆ, ಬರಬೇಕೆನ್ನುವವರು ಹೆಚ್ಚು ಎಂದಾದ ಕೂಡಲೇ ವಿಚಾರ ಸಂಕಿರಣದ ಸಂಘಟಕರು ಯಾರನ್ನೋ ಬಿಡಲೇಬೇಕಾಗುತ್ತದೆ. ಬಿಡುವ ಕ್ರಮಗಳಲ್ಲಿ ಎರಡು ಹೆಚ್ಚು ಬಳಕೆಯಲ್ಲಿವೆ. ಮೊದಲು ಹೆಸರು ಕೊಟ್ಟವರಿಗೆ ಕೊಟ್ಟು, ತುಂಬಿದ ಕೂಡಲೇ ಬಾಗಿಲು ಹಾಕುವುದು ಒಂದು ಕ್ರಮ. ಇಂತಿಷ್ಟು ದಿನ ಅರ್ಜಿ ಕರೆದು, ಎಲ್ಲವನ್ನೂ ಓದಿ, ಇಂತಿಂಥವರು ಬರಬಹುದು ಎಂದು ತಿಳಿಸುವುದು ಇನ್ನೊಂದು. ಕರಪತ್ರದ ಕೊನೆಯ ಸಾಲಿನಲ್ಲಿ ‘ಮೊದಲು ಬಂದವರಿಗೆ ಆದ್ಯತೆ’ ಎಂದೋ ‘ಆಯ್ಕೆಯಾದವರಿಗೆ ಮಾತ್ರ ಪ್ರವೇಶ’ ಎಂದೋ ಅಚ್ಚಾಗುವ ಈ ಮಾತನ್ನು ಬಹಳ ಕಡೆ ಹಿಂದಿನ ವರ್ಷದ ಕರಪತ್ರ ನೋಡಿಯೇ ಬರೆದಿರುತ್ತಾರೆ. ಆದರೆ ಸಭಾಂಗಣದಲ್ಲಿ ಯಾರು ಕೂರುತ್ತಾರೆ, ಎಷ್ಟು ಕುರ್ಚಿ ಖಾಲಿ ಉಳಿಯುತ್ತವೆ, ಆಮೇಲೆ ಯಾರ ಫೋನಿಗೆ ಉತ್ತರ ಹೇಳಬೇಕಾಗುತ್ತದೆ ಎಂಬುದೆಲ್ಲ ಆ ಒಂದು ಸಾಲಿನಿಂದಲೇ ತೀರ್ಮಾನವಾಗುತ್ತದೆ.

ಯಾವ ಕ್ರಮ ಎಂದು ಗೊತ್ತುಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಒಬ್ಬರ ಬದಲು ಇನ್ನೊಬ್ಬರು ಬಂದು ಕೂತರೆ ಕಾರ್ಯಕ್ರಮ ಬದಲಾಗುತ್ತದೆಯೇ? ವಚನಗಳ ಬಗ್ಗೆ ವಿದ್ವಾಂಸರೊಬ್ಬರು ಒಂದೂವರೆ ತಾಸು ಮಾತಾಡುತ್ತಾರೆ, ಕೊನೆಗೆ ಹತ್ತು ನಿಮಿಷ ಪ್ರಶ್ನೋತ್ತರ ಎಂದಾದರೆ ಏನೂ ಬದಲಾಗುವುದಿಲ್ಲ. ಕೇಳುವವರು ಮೇಷ್ಟರಾಗಲಿ, ಬ್ಯಾಂಕ್ ನೌಕರರಾಗಲಿ, ಕುತೂಹಲಕ್ಕೆ ಬಂದ ಎಂಜಿನಿಯರಿಂಗ್ ವಿದ್ಯಾರ್ಥಿಯಾಗಲಿ, ಉಪನ್ಯಾಸ ಅದೇ. ಅಂಥಲ್ಲಿ ಅರ್ಜಿ ಕರೆದು ‘ನೀವೇಕೆ ಬರಬೇಕು ಎಂದು 200 ಪದಗಳಲ್ಲಿ ಬರೆಯಿರಿ’ ಎನ್ನುವುದು ಸಂಘಟಕರ ಹೊತ್ತನ್ನೂ ಬರೆಯುವವರ ಹೊತ್ತನ್ನೂ ಹಾಳುಮಾಡುವ ಕೆಲಸ. ಬಂದವರೇ ಮಾತಾಡಬೇಕಾದ, ಕೈಯಾರೆ ಮಾಡಬೇಕಾದ, ಒಬ್ಬರ ತಿಳಿವಳಿಕೆಯ ಮೇಲೆ ಇನ್ನೊಬ್ಬರ ಕಲಿಕೆ ನಿಂತಿರುವ ಕಮ್ಮಟದ ಮಾತು ಬೇರೆ. ಅಲ್ಲಿ ಯಾರು ಬರುತ್ತಾರೆ ಎಂಬುದೇ ಕಾರ್ಯಕ್ರಮದ ಅರ್ಧ ಭಾಗ.

ಅಮೆರಿಕದಲ್ಲಿ 1931ರಿಂದ ನಡೆದುಬಂದಿರುವ ಗಾರ್ಡನ್ ಸಂಶೋಧನಾ ಸಮ್ಮೇಳನಗಳು ಈ ಕಾರಣಕ್ಕೇ ಅರ್ಜಿಯ ದಾರಿ ಹಿಡಿದಿವೆ. ಇನ್ನೂ ಪ್ರಕಟವಾಗದ ಸಂಶೋಧನೆಯನ್ನು ಅದೇ ಕ್ಷೇತ್ರದವರ ಮುಂದೆ ಬಿಚ್ಚಿಟ್ಟು ಚರ್ಚಿಸುವ ಕೂಟಗಳು ಅವು. ಅಲ್ಲಿ ನೋಂದಣಿಗೆ ಮೊದಲು ಅರ್ಜಿ ಹಾಕಬೇಕು, ಸಮ್ಮೇಳನದ ಅಧ್ಯಕ್ಷರು ಒಪ್ಪಿದ ಮೇಲಷ್ಟೇ ಶುಲ್ಕ ಕಟ್ಟುವ ಅವಕಾಶ. ಕಂಪ್ಯೂಟರ್ ವಿಜ್ಞಾನಕ್ಕೆ ಹೆಸರಾದ ಜರ್ಮನಿಯ ಡಾಗ್‌ಸ್ಟೂಲ್ ಕೇಂದ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಸೆಮಿನಾರುಗಳಿಗೆ ಆಹ್ವಾನವಿದ್ದವರನ್ನು ಮಾತ್ರ ಬರಮಾಡಿಕೊಳ್ಳುತ್ತದೆ. ಕೇಳುಗರು ಎಂಬ ಪ್ರತ್ಯೇಕ ವರ್ಗವೇ ಅಂಥ ಕಡೆ ಇರುವುದಿಲ್ಲ.

ಎರಡೂ ಕ್ರಮಗಳು ಹೇಗೆ ನಡೆಯುತ್ತವೆ ಎಂದು ಹತ್ತಿರದಿಂದ ನೋಡಲು ಒಂದು ಕಮ್ಮಟವನ್ನು ಊಹಿಸಿಕೊಳ್ಳಬಹುದು. ಜಿಲ್ಲಾ ಕೇಂದ್ರವೊಂದರಲ್ಲಿ ಎರಡು ದಿನದ ಶಾಸನ ಓದುವ ಕಮ್ಮಟ. ಮೊದಲ ದಿನ ಹಳೆಯ ಲಿಪಿಯ ಪರಿಚಯ, ಎರಡನೆಯ ದಿನ ಪಡಿಯಚ್ಚು ತೆಗೆಯುವ ಅಭ್ಯಾಸ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಅಕ್ಷರದ ಗುಂಡಿಗಳೊಳಗೆ ಕಾಗದ ಇಳಿಯುವಂತೆ ಬ್ರಶ್ಶಿನಿಂದ ಬಡಿದು, ಅರೆ ಒಣಗಿದ ಮೇಲೆ ಮಸಿ ತಟ್ಟಬೇಕು. ಸಿಕ್ಕಿರುವ ಕಲ್ಲುಗಳು ನಾಲ್ಕು. ಒಂದು ಕಲ್ಲಿನ ಸುತ್ತ ಆರು ಜನ ನಿಂತು ಕೈಹಾಕಬಹುದು. ಏಳನೆಯವರು ಬಂದರೆ ನೋಡುತ್ತ ನಿಲ್ಲಬೇಕಷ್ಟೆ. ಹೀಗಾಗಿ ಆಸನ 24. ಮಿತಿ ಬಂದದ್ದು ಕುರ್ಚಿಯಿಂದಲ್ಲ, ಕಲ್ಲಿನಿಂದ ಎಂಬುದು ಇಲ್ಲಿ ಮುಖ್ಯ. ಕುರ್ಚಿಯ ಮಿತಿಯಾಗಿದ್ದರೆ ಪಕ್ಕದ ಕೋಣೆಯಿಂದ ಇನ್ನೆರಡು ತಂದು ಹಾಕಬಹುದಿತ್ತು.

ಇದಕ್ಕೆ ‘ಮೊದಲು ಬಂದವರಿಗೆ ಆದ್ಯತೆ’ ಎಂದು ಹಾಕಿದರೆ ಆಗುವುದಿಷ್ಟು. ಸೋಮವಾರ ಬೆಳಗ್ಗೆ 11ಕ್ಕೆ ನೋಂದಣಿಯ ಲಿಂಕ್ ವಾಟ್ಸಾಪ್ ಗುಂಪುಗಳಿಗೆ ಹೋಗುತ್ತದೆ. ಇತಿಹಾಸಾಸಕ್ತರ ಎರಡು ಮೂರು ದೊಡ್ಡ ಗುಂಪುಗಳಲ್ಲಿ ಇರುವವರು ಕೂಡಲೇ ನೋಡಿ, ತುಂಬಿ ಕಳಿಸುತ್ತಾರೆ. ಕಾಲು ಗಂಟೆಯೊಳಗೆ 24 ದಾಟುತ್ತದೆ. ಆ ಹೊತ್ತಿನಲ್ಲಿ ಪ್ರೌಢಶಾಲೆಯ ಸಮಾಜ ವಿಜ್ಞಾನದ ಮೇಷ್ಟರು ಎಂಟನೇ ತರಗತಿಯಲ್ಲಿ ಪಾಠ ಮಾಡುತ್ತಿರುತ್ತಾರೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೊಬೈಲ್ ತೆಗೆದು ನೋಡಿದಾಗ ‘ನೋಂದಣಿ ಮುಗಿದಿದೆ’ ಎಂಬ ಸಂದೇಶ. ಅವರ ಊರಿನ ಕೆರೆ ಏರಿಯ ಮೇಲೆ ಯಾರೂ ಓದದ ವೀರಗಲ್ಲೊಂದು ಇದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ಮೊದಲು ಬಂದವರಿಗೆ ಕೊಡುವುದು ಯಾರ ಪಕ್ಷವನ್ನೂ ವಹಿಸದ ಕ್ರಮ ಎಂಬ ನಂಬಿಕೆ ಬಲವಾಗಿದೆ. ಅದರಲ್ಲಿ ಅರ್ಧ ಸತ್ಯ ಇದೆ. ಸಂಘಟಕರು ತಮಗೆ ಬೇಕಾದವರನ್ನು ತುರುಕಲು ಅಲ್ಲಿ ಅವಕಾಶ ಕಡಿಮೆ, ಕೇಳಿದವರಿಗೆ ಸಮಯದ ಪಟ್ಟಿ ತೋರಿಸಿದರೆ ಮಾತು ಮುಗಿಯಿತು. ಆದರೆ ಅದೂ ಆಯ್ಕೆಯೇ. ಸುದ್ದಿ ಬೇಗ ತಲುಪುವವರು, ಕೆಲಸದ ಹೊತ್ತಿನಲ್ಲೂ ಮೊಬೈಲ್ ಮುಟ್ಟಬಲ್ಲವರು, ಒಳ್ಳೆಯ ನೆಟ್‌ವರ್ಕ್ ಇರುವವರು, ಬರುವುದು ಖಾತ್ರಿಯಿಲ್ಲದಿದ್ದರೂ ಹೆಸರು ಕೊಟ್ಟಿಡೋಣ ಎನ್ನುವವರು ಅಲ್ಲಿ ಆಯ್ಕೆಯಾಗುತ್ತಾರೆ. ಈ ನಾಲ್ಕರಲ್ಲಿ ಒಂದೂ ಶಾಸನ ಓದುವ ಆಸಕ್ತಿಗೆ ಅಳತೆಗೋಲಲ್ಲ.

ರೈಲ್ವೆಯ ತತ್ಕಾಲ್ ಟಿಕೆಟ್ ತೆಗೆಯಲು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹವಾನಿಯಂತ್ರಿತ ದರ್ಜೆಗೆ ಬೆಳಗ್ಗೆ 10ಕ್ಕೆ, ಉಳಿದ ದರ್ಜೆಗಳಿಗೆ 11ಕ್ಕೆ ಬುಕಿಂಗ್ ತೆರೆದ ಕೆಲವೇ ನಿಮಿಷಗಳಲ್ಲಿ ಜನಪ್ರಿಯ ರೈಲುಗಳ ಟಿಕೆಟ್ ಖಾಲಿಯಾಗುತ್ತಿದ್ದುದರಿಂದಲೇ 2025ರ ಜುಲೈಯಲ್ಲಿ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಯಿತು, ಮೊದಲ ಅರ್ಧ ಗಂಟೆ ಏಜೆಂಟರನ್ನು ದೂರ ಇಡಲಾಯಿತು. ಅರ್ಥಶಾಸ್ತ್ರಜ್ಞರೂ ಇದನ್ನು ಪರಿಶೀಲಿಸಿದ್ದಾರೆ. ರುಸ್ತಮ್‌ಜಾನ್ ಹಕೀಮೊವ್ ಮತ್ತು ಸಂಗಡಿಗರು 2021ರಲ್ಲಿ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಸರ್ಕಾರಿ ಕಚೇರಿಗಳ ಆನ್‌ಲೈನ್ ಭೇಟಿ ಸಮಯದ ಬುಕಿಂಗ್ ಬಗೆಗಿನದು. ದಲ್ಲಾಳಿ ಸುಳ್ಳು ಹೆಸರುಗಳಲ್ಲಿ ಜಾಗ ಹಿಡಿದಿಡುತ್ತಾನೆ, ಗಿರಾಕಿ ಸಿಕ್ಕ ಮೇಲೆ ಆ ಹೆಸರನ್ನು ರದ್ದುಮಾಡಿ, ಅದೇ ಕ್ಷಣ ಗಿರಾಕಿಯ ಹೆಸರಿನಲ್ಲಿ ಮತ್ತೆ ಹಿಡಿಯುತ್ತಾನೆ. ಬಂದ ಕ್ರಮದಲ್ಲಿ ಹಂಚಿದರೆ ಇದಕ್ಕೆ ದಾರಿಯಾಗುತ್ತದೆ. ಅದರ ಬದಲು ಒಂದು ಅವಧಿಯ ಎಲ್ಲ ಅರ್ಜಿಗಳನ್ನು ಒಟ್ಟುಮಾಡಿ, ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತಿ, ರದ್ದಾದ ಜಾಗಗಳನ್ನು ಮುಂದಿನ ಸುತ್ತಿಗೆ ಸೇರಿಸಿದರೆ ದಲ್ಲಾಳಿಗೆ ಲಾಭ ಉಳಿಯುವುದಿಲ್ಲ ಎಂದು ಅವರು ತೋರಿಸಿದರು. ಶಾಸನ ಕಮ್ಮಟದ ಆಸನವನ್ನು ಬ್ಲ್ಯಾಕಿನಲ್ಲಿ ಮಾರುವವರು ಸದ್ಯಕ್ಕಂತೂ ಇಲ್ಲ. ಆದರೆ ಒಬ್ಬರೇ ತಮ್ಮ ವಿಭಾಗದ ಐದು ಜನರ ಹೆಸರು ತುಂಬಿ, ಆಮೇಲೆ ಯಾರು ಹೋಗುವುದೆಂದು ನಿಧಾನವಾಗಿ ಯೋಚಿಸುವುದು ಎಲ್ಲ ಕಡೆ ಇದೆ.

ಹೀಗಾಗಿದೆಯೇ ಎಂದು ಪತ್ತೆಹಚ್ಚುವುದು ಕಷ್ಟವಲ್ಲ. ಗೂಗಲ್ ಫಾರ್ಮ್‌ಗೆ ಜೋಡಿಸಿದ ಹಾಳೆಯ ಮೊದಲ ಅಂಕಣದಲ್ಲಿ ಪ್ರತಿ ಅರ್ಜಿ ಬಂದ ದಿನ ಮತ್ತು ಸಮಯ ಸೆಕೆಂಡಿನವರೆಗೆ ಇರುತ್ತದೆ. ನಲವತ್ತು ಸೆಕೆಂಡಿಗೊಂದರಂತೆ ಒಂದೇ ಕಾಲೇಜಿನ ನಾಲ್ಕು ಅರ್ಜಿಗಳು, ನಾಲ್ಕರಲ್ಲೂ ಅದೇ ಮೊಬೈಲ್ ಸಂಖ್ಯೆ ಅಥವಾ ಅಕ್ಷರ ಬದಲಾಗದ ಒಂದೇ ಉತ್ತರ ಕಂಡರೆ ತುಂಬಿದ ಕೈ ಒಂದೇ ಎಂದು ತಿಳಿಯುತ್ತದೆ. ಅದೇ ಹಾಳೆಯಿಂದ ಇನ್ನೊಂದು ಎಡವಟ್ಟೂ ಹೊರಬರುತ್ತದೆ. ಸಂಘಟಕರು ಕೈಯಾರೆ ನಿಲ್ಲಿಸಲು ತಡಮಾಡಿದರೆ ಫಾರ್ಮ್ 25ನೆಯವರದನ್ನೂ 60ನೆಯವರದನ್ನೂ ಸುಮ್ಮನೆ ತೆಗೆದುಕೊಳ್ಳುತ್ತ ಹೋಗುತ್ತದೆ, ಎಲ್ಲರಿಗೂ ನಿಮ್ಮ ಉತ್ತರ ದಾಖಲಾಗಿದೆ ಎಂಬ ಒಂದೇ ಸಂದೇಶ ತೋರಿಸುತ್ತದೆ. ತುಂಬಿದವರು ಅದನ್ನು ಆಸನ ಸಿಕ್ಕಿತು ಎಂದೇ ಓದಿಕೊಳ್ಳುತ್ತಾರೆ. ಕಾರ್ಯಕ್ರಮದ ದಿನ ಬೆಳಗ್ಗೆ ನೂರಾರು ಕಿಲೋಮೀಟರ್ ದೂರದಿಂದ ಬಸ್ಸಿಳಿದು ಬಂದವರೊಬ್ಬರು ಆ ಸಂದೇಶವನ್ನು ಮೊಬೈಲಿನಲ್ಲಿ ತೋರಿಸಿದರೆ ಅವರ ತಪ್ಪೇನೂ ಇಲ್ಲ. ಆ ಸಂದೇಶವನ್ನು ಸಂಘಟಕರು ಬದಲಿಸಬಹುದು. ‘ನಿಮ್ಮ ಹೆಸರು ಬಂದಿದೆ. ಇದು ಆಸನ ಖಾತ್ರಿಯಾದ ಸೂಚನೆಯಲ್ಲ. ಖಾತ್ರಿಯಾದರೆ ಇಂಥ ದಿನದೊಳಗೆ ಮೆಸೇಜ್ ಬರುತ್ತದೆ’ ಎಂದು ಬರೆದರೆ ಸಾಕು.

ಈ ಕ್ರಮವನ್ನು ಬಿಟ್ಟೇಬಿಡಬೇಕು ಎಂದು ಇದರ ಅರ್ಥವಲ್ಲ. ಉಪನ್ಯಾಸದಂಥ ಕಾರ್ಯಕ್ರಮಕ್ಕೆ ಅದು ಹೇಳಿಮಾಡಿಸಿದ್ದು, ಚೆನ್ನಾಗಿ ನಡೆಸಲು ಬೇಕಾದದ್ದೂ ಹೆಚ್ಚಿಲ್ಲ. ನೋಂದಣಿ ಯಾವ ದಿನ ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ಮೂರು ನಾಲ್ಕು ದಿನ ಮೊದಲೇ ಎಲ್ಲ ಗುಂಪುಗಳಿಗೂ ತಿಳಿಸಬೇಕು. ತೆರೆಯುವ ಹೊತ್ತು ರಾತ್ರಿ ಎಂಟರ ಆಸುಪಾಸು ಇದ್ದರೆ ಶಾಲೆ, ಅಂಗಡಿ, ಕಚೇರಿಗಳಲ್ಲಿ ದುಡಿಯುವವರಿಗೂ ಸಮಾನ ಅವಕಾಶ. ಆಸನಗಳನ್ನು ಎರಡು ಪಾಲು ಮಾಡಿ ಅರ್ಧವನ್ನು ಒಂದು ದಿನ, ಉಳಿದರ್ಧವನ್ನು ಮಾರನೆಯ ದಿನ ಬೇರೆ ಹೊತ್ತಿಗೆ ಕೊಟ್ಟರೆ ಮೊದಲ ನೂಕುನುಗ್ಗಲಿನ ಕಾವು ಇಳಿಯುತ್ತದೆ.

ಹೆಸರು ಕೊಟ್ಟೂ ಬಾರದವರ ಸಮಸ್ಯೆಗೆ ಉಪನ್ಯಾಸದಲ್ಲಿ ಸುಲಭದ ಪರಿಹಾರವೊಂದಿದೆ. ಇರುವುದಕ್ಕಿಂತ ಸ್ವಲ್ಪ ಹೆಚ್ಚು ಹೆಸರು ಬರೆದುಕೊಳ್ಳುವುದು. ಎಷ್ಟು ಹೆಚ್ಚು ಎಂಬುದಕ್ಕೆ ಊಹೆ ಬೇಕಿಲ್ಲ, ಹಿಂದಿನ ಕಾರ್ಯಕ್ರಮಗಳ ಹಾಜರಿ ಪುಸ್ತಕ ಸಾಕು. ನೋಂದಾಯಿಸಿದ ಹತ್ತು ಜನರಲ್ಲಿ ಎಂಟು ಜನ ಬರುವ ವಾಡಿಕೆ ಇದೆ ಎಂದುಕೊಳ್ಳೋಣ. 40 ಕುರ್ಚಿಯ ಕೋಣೆಗೆ 50 ಹೆಸರು ತೆಗೆದುಕೊಂಡರೆ ಸರಾಸರಿ 40 ಜನ ಬರುತ್ತಾರೆ ನಿಜ, ಆದರೆ ಸರಾಸರಿ ಎಂದರೆ ಹೆಚ್ಚುಕಡಿಮೆ ಅರ್ಧದಷ್ಟು ಸಲ ಅದಕ್ಕಿಂತ ಹೆಚ್ಚು ಜನ ಬಂದು ಕೆಲವರು ನಿಂತುಕೊಳ್ಳಬೇಕಾಗುತ್ತದೆ. 46ಕ್ಕೆ ನಿಲ್ಲಿಸಿದರೆ ಹಾಗಾಗುವ ಸಾಧ್ಯತೆ ಹನ್ನೆರಡು ಸಲಕ್ಕೆ ಒಂದು ಸಲದಷ್ಟಕ್ಕೆ ಇಳಿಯುತ್ತದೆ. ಒಬ್ಬೊಬ್ಬರೂ ತಮ್ಮಷ್ಟಕ್ಕೆ ಬರುವ ಬಾರದ ತೀರ್ಮಾನ ಮಾಡುತ್ತಾರೆ ಎಂದು ಇಟ್ಟುಕೊಂಡ ಲೆಕ್ಕ ಇದು. ಅಂದು ಜೋರು ಮಳೆ ಹೊಯ್ದರೆ ಅಥವಾ ಒಂದೇ ಕಾಲೇಜಿನ ಹತ್ತು ಜನ ಒಂದೇ ವ್ಯಾನಿನಲ್ಲಿ ಬರುವವರಾಗಿದ್ದರೆ ಲೆಕ್ಕ ಕೈಕೊಡುತ್ತದೆ. ಶಾಸನ ಕಮ್ಮಟಕ್ಕಂತೂ ಈ ಉಪಾಯ ಒಗ್ಗುವುದೇ ಇಲ್ಲ. ಹೆಚ್ಚುವರಿ ಜನರಿಗೆ ಕುರ್ಚಿ ತರಬಹುದು, ಕಲ್ಲು ತರಲಾಗದು.

ಆದ್ದರಿಂದ ಕಮ್ಮಟಕ್ಕೆ ಅರ್ಜಿಯ ದಾರಿ. ಈ ದಾರಿಯಲ್ಲಿ ಕೆಟ್ಟು ಹೋಗುವ ಸಂಗತಿಗಳಿಗೆ ಹೆಚ್ಚಾಗಿ ಬೀಜ ಬೀಳುವುದು ಅರ್ಜಿಯ ಪ್ರಶ್ನೆಗಳಲ್ಲಿ. ‘ನಿಮ್ಮ ಬಗ್ಗೆ ಬರೆಯಿರಿ’, ‘ಈ ಕಮ್ಮಟದಿಂದ ನಿಮ್ಮ ನಿರೀಕ್ಷೆ ಏನು’ ಎಂಬ ಪ್ರಶ್ನೆಗಳಿಗೆ ಬರುವ ಉತ್ತರಗಳು ಒಂದರ ಪಡಿಯಚ್ಚು ಇನ್ನೊಂದು. ನಾಡು ನುಡಿಯ ಅಭಿಮಾನ, ಸಂಸ್ಕೃತಿಯ ಉಳಿವು, ಯುವ ಪೀಳಿಗೆಗೆ ಸಂದೇಶ. ಓದಿದವರಿಗೆ ಅದರಿಂದ ತಿಳಿಯುವುದು ಬರೆದವರಿಗೆ ಬರವಣಿಗೆ ಒಗ್ಗಿದೆಯೇ ಇಲ್ಲವೇ ಎಂಬುದಷ್ಟೆ. ಚೆಂದ ಬರೆಯುವವರೆಲ್ಲ ಆಯ್ಕೆಯಾಗಿ, ಊರಿನ ಕಲ್ಲುಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ ಫೋಟೊ ತೆಗೆದಿಟ್ಟುಕೊಂಡ ಅಂಚೆ ನೌಕರರು ಹೊರಗುಳಿಯುವುದು ಹೀಗೆಯೇ.

ಉತ್ತರವನ್ನು ನೋಡಿದ ಕೂಡಲೇ ವ್ಯತ್ಯಾಸ ಕಾಣುವಂಥ ಪ್ರಶ್ನೆ ಬೇಕು. ಈ ಕಮ್ಮಟಕ್ಕೆ ಮೂರು ಸಾಕು. ನೀವು ಓದಬೇಕೆಂದಿರುವ ಶಾಸನ ಯಾವುದು, ಎಲ್ಲಿದೆ? ಕೊಟ್ಟಿರುವ ಫೋಟೊದಲ್ಲಿನ ಒಂದು ಸಾಲನ್ನು ಇಂದಿನ ಕನ್ನಡ ಅಕ್ಷರದಲ್ಲಿ ಬರೆಯಲು ಯತ್ನಿಸಿ, ತಪ್ಪಾದರೂ ಅಡ್ಡಿಯಿಲ್ಲ. ಕಲಿತದ್ದನ್ನು ಆಮೇಲೆ ಎಲ್ಲಿ ಬಳಸುತ್ತೀರಿ? ಒಂದೊಂದಕ್ಕೂ ಸೊನ್ನೆಯಿಂದ ಎರಡು, ಒಟ್ಟು ಆರು ಅಂಕ. ಮೊದಲನೆಯದರಲ್ಲಿ ನಿರ್ದಿಷ್ಟ ಕಲ್ಲನ್ನು ಹೆಸರಿಸಿದವರಿಗೆ ಎರಡು, ‘ನಮ್ಮ ಜಿಲ್ಲೆಯ ಶಾಸನಗಳು’ ಎಂದವರಿಗೆ ಒಂದು. ಎರಡನೆಯದರಲ್ಲಿ ಯತ್ನಿಸಿದವರಿಗೆ ಒಂದು, ಅರ್ಧಕ್ಕಿಂತ ಹೆಚ್ಚು ಅಕ್ಷರ ಗುರುತಿಸಿದವರಿಗೆ ಎರಡು. ಮೂರನೆಯದರಲ್ಲಿ ತರಗತಿ, ಊರಿನ ಇತಿಹಾಸದ ಬರವಣಿಗೆ, ಸಂಶೋಧನೆ ಹೀಗೆ ಕೈಯಲ್ಲಿರುವ ಕೆಲಸ ಹೇಳಿದವರಿಗೆ ಎರಡು. ಪೂರ್ತಿ ಸಾಲನ್ನು ತಪ್ಪಿಲ್ಲದೆ ಸರಾಗವಾಗಿ ಓದಿಬಿಟ್ಟವರಿದ್ದರೆ ಅವರಿಗೆ ಈ ಕಮ್ಮಟ ಬೇಸರ ತರುತ್ತದೆ. ಅಂಥವರನ್ನು ಕಲಿಸುವವರ ಸಹಾಯಕ್ಕೆ ಕರೆಯುವುದೇ ಲೇಸು.

ಈ ಅಂಕದ ಕ್ರಮ, ಒಂದೇ ಸಂಸ್ಥೆಯಿಂದ ಇಬ್ಬರಿಗಿಂತ ಹೆಚ್ಚು ಜನರಿಗೆ ಅವಕಾಶವಿಲ್ಲ ಎಂಬಂಥ ನಿಯಮ, ಎರಡೂ ಕರಪತ್ರದಲ್ಲೇ ಇರಬೇಕು. ಅರ್ಜಿಗಳು ಬಂದ ಮೇಲೆ ಮಾಡಿದ ನಿಯಮ ಎಷ್ಟೇ ನ್ಯಾಯವಾದದ್ದಾದರೂ ಯಾರನ್ನೋ ಬಿಡಲು ಮಾಡಿದ್ದೆಂದೇ ಕಾಣುತ್ತದೆ. ಕೇಳುವ ವಿವರಗಳಿಗೂ ಒಂದು ಮಿತಿ ಬೇಕು. ಎರಡು ದಿನದ ಕಮ್ಮಟಕ್ಕೆ ಆಧಾರ್ ಪ್ರತಿ, ಹುಟ್ಟಿದ ದಿನಾಂಕ ಯಾಕೆ ಎಂದು ಕೇಳಿದರೆ ಸಂಘಟಕರ ಬಳಿ ಉತ್ತರ ಇರುವುದಿಲ್ಲ. ದೇಶದಲ್ಲಿ 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯ ಆಶಯವೂ ಹೇಳಿದ ಉದ್ದೇಶಕ್ಕೆ ಬೇಕಾದಷ್ಟನ್ನೇ ಪಡೆಯಬೇಕು ಎಂಬುದೇ.

ಇನ್ನು ಓದುವ ಶ್ರಮ. ಕಮ್ಮಟಕ್ಕೆ 95 ಅರ್ಜಿ ಬಂದವು ಎಂದಿಟ್ಟುಕೊಂಡರೆ, ಎರಡೆರಡು ಸಲ ಬಂದವು ಮತ್ತು ಅರ್ಧ ತುಂಬಿದವು ಏಳು ಕಳೆದು 88 ಉಳಿಯುತ್ತವೆ. ಒಂದು ಅರ್ಜಿಗೆ ನಾಲ್ಕು ನಿಮಿಷವೆಂದರೂ ಒಬ್ಬರಿಗೆ ಆರು ತಾಸಿನ ಕೆಲಸ, ಇಬ್ಬರು ಬೇರೆ ಬೇರೆಯಾಗಿ ಓದಬೇಕಾದ್ದರಿಂದ ಒಟ್ಟು ಹನ್ನೆರಡು ತಾಸು. ಅರ್ಜಿ ಕರೆಯಲು ಉತ್ಸಾಹ ತೋರುವ ಸಂಘಟನಾ ಸಮಿತಿಗಳು ಈ ಹನ್ನೆರಡು ತಾಸು ಯಾರದ್ದು ಎಂದು ಮೊದಲೇ ಕೇಳಿಕೊಳ್ಳುವುದಿಲ್ಲ. ಕಡೆಗೆ ಕಾರ್ಯದರ್ಶಿಯೊಬ್ಬರೇ ರಾತ್ರಿ ಕೂತು, ಮೊದಲ ಮೂವತ್ತನ್ನು ಗಮನವಿಟ್ಟು, ಉಳಿದದ್ದನ್ನು ಹೆಸರು ಮತ್ತು ಊರು ನೋಡಿ ಮುಗಿಸುತ್ತಾರೆ. ಹಾಗೆ ಮಾಡುವುದಾದರೆ ಮೊದಲು ಬಂದವರಿಗೆ ಕೊಟ್ಟುಬಿಡುವುದೇ ವಾಸಿ.

ಓದುವವರಿಗೆ ಹೆಸರು, ಸಂಸ್ಥೆ, ಫೋನ್ ಸಂಖ್ಯೆ ಕಾಣದಂತೆ ಆ ಅಂಕಣಗಳನ್ನು ತೆಗೆದ ಪ್ರತಿಯೊಂದನ್ನು ಕೊಡಬೇಕು. ಇಬ್ಬರೂ ಮೊದಲ ಹತ್ತು ಅರ್ಜಿಗಳಿಗೆ ಅಂಕ ಹಾಕಿ, ಎದುರಾಬದುರು ಕೂತು ಹೋಲಿಸಿ ನೋಡುವುದು ಒಳ್ಳೆಯದು. ಒಬ್ಬರು ಧಾರಾಳಿ, ಇನ್ನೊಬ್ಬರು ಬಿಗಿ ಎಂಬುದು ಅಲ್ಲೇ ಗೊತ್ತಾಗಿ, ‘ಯತ್ನ’ ಎಂದು ಯಾವುದಕ್ಕೆ ಕರೆಯುವುದು ಎಂಬಂಥ ಸಣ್ಣ ವಿಷಯಗಳು ಇತ್ಯರ್ಥವಾಗುತ್ತವೆ. ಆಮೇಲೂ ಒಂದೇ ಅರ್ಜಿಗೆ ಇಬ್ಬರ ಅಂಕ ಎರಡಕ್ಕಿಂತ ಹೆಚ್ಚು ಬೇರೆಯಾದರೆ ಮೂರನೆಯವರು ಓದಬೇಕು. ಶಿಫಾರಸಿನ ಫೋನುಗಳು ಬರುವುದು ಈ ದಿನಗಳಲ್ಲೇ. ‘ಅರ್ಜಿಯಲ್ಲಿ ಹೆಸರೇ ಕಾಣುವುದಿಲ್ಲ ಸರ್, ಅಂಕ ಹಾಕುವವರು ಬೇರೆ’ ಎಂದು ಹೇಳಬಹುದಾದ ಸ್ಥಿತಿಯಲ್ಲಿ ಸಂಘಟಕರಿದ್ದರೆ ಅವರ ಅರ್ಧ ಸಂಕಟ ಕಡಿಮೆ.

ಅಂಕಗಳೆಲ್ಲ ಬಂದ ಮೇಲೆ ಚಿತ್ರ ಹೀಗಿರಬಹುದು. ಐದು ಅಥವಾ ಆರು ಅಂಕದವರು 13 ಜನ. ನಾಲ್ಕು ಅಂಕದವರು 29. ಮೂರು ಮತ್ತು ಕೆಳಗಿನವರು 46. ಮೊದಲ ಹದಿಮೂವರ ಬಗ್ಗೆ ಯಾರಿಗೂ ತಕರಾರಿಲ್ಲ. ಉಳಿದ 11 ಆಸನಕ್ಕೆ ನಾಲ್ಕು ಅಂಕದ 29 ಜನ ಇದ್ದಾರೆ. ಆಯ್ಕೆ ಸಮಿತಿಗಳು ಎಡವುವ ಜಾಗ ಇದು. ಇಪ್ಪತ್ತೊಂಬತ್ತು ಅರ್ಜಿಗಳನ್ನು ಮತ್ತೆ ಹರಡಿ, ಇವರ ಕೈಬರಹ ಚೆನ್ನಾಗಿದೆ, ಅವರು ಪಿಎಚ್‌ಡಿ ಮಾಡುತ್ತಿದ್ದಾರೆ, ಇವರು ನಮಗೆ ಪರಿಚಯ ಎಂದು ಗಂಟೆಗಟ್ಟಲೆ ಜಗ್ಗಾಡಿ ಹನ್ನೊಂದು ಹೆಸರು ಹೊರತೆಗೆಯುತ್ತಾರೆ. ಆರು ಅಂಕದ ಅಳತೆಗೆ ಸಿಗದ ವ್ಯತ್ಯಾಸ ಹರಟೆಗೆ ಸಿಗುತ್ತದೆ ಎಂದು ನಂಬಲು ಕಾರಣವಿಲ್ಲ. ಮನಸ್ಸಿನೊಳಗಿನ ಒಲವುಗಳು ಹೊರಬೀಳುವುದು ಇಂಥ ಕೊನೆಯ ಸುತ್ತಿನಲ್ಲಿಯೇ.

ಇಲ್ಲಿ ಚೀಟಿ ಎತ್ತುವುದು ಸರಿ. ಎಲ್ಲರೂ ಅರ್ಹರು, ಜಾಗ ಮಾತ್ರ ಕಡಿಮೆ ಎಂದಿದ್ದಾಗ ಲಾಟರಿಗಿಂತ ನೇರವಾದ ಕ್ರಮ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ. 25ರಷ್ಟು ಸೀಟುಗಳನ್ನು ಕರ್ನಾಟಕದಲ್ಲಿ ಹಂಚಿದ್ದೂ ಲಾಟರಿಯಿಂದಲೇ. 29 ಚೀಟಿ ಬರೆದು, ಸಮಿತಿಗೆ ಸೇರದ ಇಬ್ಬರ ಎದುರಿಗೆ ಒಂದೊಂದಾಗಿ ಎಲ್ಲವನ್ನೂ ಎತ್ತಬೇಕು. ಮೊದಲ 11 ಚೀಟಿಯವರಿಗೆ ಆಸನ, ಹನ್ನೆರಡರಿಂದ ಮುಂದಿನವರು ಅದೇ ಕ್ರಮದಲ್ಲಿ ವೇಟಿಂಗ್ ಲಿಸ್ಟ್ ಒಂದರಿಂದ ಹದಿನೆಂಟು. ಎಲ್ಲ ಚೀಟಿಯನ್ನೂ ಆಗಲೇ ಎತ್ತಿ ಕ್ರಮ ಬರೆದಿಟ್ಟರೆ ಆಮೇಲೆ ಖಾಲಿಯಾದ ಆಸನಕ್ಕೆ ಯಾರನ್ನು ಕರೆಯಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಕಂಪ್ಯೂಟರಿನಲ್ಲೇ ಮಾಡುವುದಾದರೆ ಹಾಳೆಯ ಒಂದು ಅಂಕಣದಲ್ಲಿ `=RAND()` ಹಾಕಿ ಆ ಸಂಖ್ಯೆಯಂತೆ ಜೋಡಿಸಬಹುದು. ಆದರೆ ಹಾಳೆಯಲ್ಲಿ ಎಲ್ಲಿ ಏನು ತಿದ್ದಿದರೂ ಆ ಸಂಖ್ಯೆಗಳು ಬದಲಾಗಿಬಿಡುತ್ತವೆ. ಬಂದ ಸಂಖ್ಯೆಗಳನ್ನು ಬರೀ ಮೌಲ್ಯಗಳಾಗಿ ಅಂಟಿಸಿದ ಮೇಲಷ್ಟೇ ಜೋಡಿಸಬೇಕು, ಇಲ್ಲದಿದ್ದರೆ ಮಾರನೆಯ ದಿನ ಯಾರಾದರೂ ಕೇಳಿದಾಗ ತೋರಿಸಲು ದಾಖಲೆ ಉಳಿದಿರುವುದಿಲ್ಲ.

ಕೆಳಗಿನ 46 ಜನರಿಗೂ ಉತ್ತರ ಹೋಗಬೇಕು, ಮತ್ತು ಆಯ್ಕೆಯಾದವರಿಗೆ ಹೋಗುವ ದಿನವೇ ಹೋಗಬೇಕು. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ‘ಆಯ್ಕೆಯಾದವರಿಗೆ ಮಾತ್ರ ತಿಳಿಸಲಾಗುವುದು’ ಎಂಬ ಪದ್ಧತಿ. ಅದರಿಂದ ಸಂಘಟಕರಿಗೆ ನಲವತ್ತಾರು ಮೆಸೇಜ್ ಉಳಿಯುತ್ತದೆ, ಆದರೆ ನಲವತ್ತಾರು ಜನ ಎರಡು ದಿನ ಖಾಲಿ ಇಟ್ಟುಕೊಂಡು ಕಾಯುತ್ತಾರೆ, ಅವರಲ್ಲಿ ಹಲವರು ಫೋನ್ ಮಾಡಿಯೇ ಮಾಡುತ್ತಾರೆ. ಕಾರಣವನ್ನು ಒಬ್ಬೊಬ್ಬರಿಗೂ ವಿವರಿಸಬೇಕಿಲ್ಲ. ಎಷ್ಟು ಅರ್ಜಿ ಬಂದಿದ್ದವು, ಎಷ್ಟು ಅಂಕಕ್ಕೆ ಆಯ್ಕೆ ನಿಂತಿತು, ಕೊನೆಯ ಆಸನಗಳನ್ನು ಚೀಟಿ ಎತ್ತಿ ಹಂಚಲಾಯಿತು ಎಂಬ ಮೂರು ವಾಕ್ಯ ಸಾಕು.

ದಿನಗಳ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಕಮ್ಮಟ ತಿಂಗಳ 28ಕ್ಕೆ ಎಂದರೆ, ಬರುವ ಶಿಕ್ಷಕರು ಮತ್ತು ಉಪನ್ಯಾಸಕರಿಗೆ ಓಓಡಿ ಮಂಜೂರಾಗಬೇಕು. ಅದಕ್ಕೆ ಆಯ್ಕೆ ಪತ್ರ ಕೈಯಲ್ಲಿರಬೇಕು, ಪತ್ರ ಮುಖ್ಯೋಪಾಧ್ಯಾಯರನ್ನೋ ಪ್ರಾಂಶುಪಾಲರನ್ನೋ ದಾಟಬೇಕು. ಹತ್ತು ದಿನವಾದರೂ ಬೇಕು. ಹಾಗಾಗಿ 1ರಿಂದ 9ರವರೆಗೆ ಅರ್ಜಿ, 13ಕ್ಕೆ ಫಲಿತಾಂಶ, 16ರ ಸಂಜೆಯೊಳಗೆ ಬರುತ್ತೇನೆಂಬ ಖಾತ್ರಿ, 18ಕ್ಕೆ ವೇಟಿಂಗ್ ಲಿಸ್ಟಿನವರಿಗೆ ಕರೆ. ಫಲಿತಾಂಶವನ್ನು 24ಕ್ಕೆ ಪ್ರಕಟಿಸಿದರೆ ಓಓಡಿ ಸಿಗದ ಶಿಕ್ಷಕರು ತಾವಾಗಿಯೇ ಬಿಟ್ಟುಹೋಗುತ್ತಾರೆ. ಜಾಗ ಮತ್ತೆ ಸುಲಭವಾಗಿ ಬಿಡುವು ಸಿಗುವವರ ಪಾಲಾಗುತ್ತದೆ, ಹನ್ನೆರಡು ತಾಸು ಕೂತು ಅಂಕ ಹಾಕಿದ್ದು ನೀರಿನಲ್ಲಿ ಹೋಮ.

ಈ ಪಟ್ಟಿಯಲ್ಲಿ ಅರ್ಜಿಗಿಂತ ಮುಖ್ಯವಾದ ದಿನ 16. ಆಯ್ಕೆಯಾದ 24 ಜನರಲ್ಲಿ 19 ಜನ ಬರುತ್ತೇವೆ ಎಂದು ಬರೆದರು, ಇಬ್ಬರು ಆಗುವುದಿಲ್ಲ ಎಂದರು, ಮೂವರಿಂದ ಸುದ್ದಿಯಿಲ್ಲ ಎಂದಾದರೆ ಐದು ಆಸನ ವೇಟಿಂಗ್ ಲಿಸ್ಟಿಗೆ ಹೋಗಬೇಕು. ಸುದ್ದಿಯಿಲ್ಲದ ಮೂವರಿಗೆ ಇನ್ನೊಂದು ದಿನ ಕಾಯೋಣ ಎಂಬ ದಾಕ್ಷಿಣ್ಯ ಸಂಘಟಕರಿಗೆ ಬರುವುದು ಸಹಜ. ಆ ಒಂದು ದಿನ ನಾಲ್ಕಾಗಿ, ಕೊನೆಗೆ ವೇಟಿಂಗ್ ಲಿಸ್ಟಿನ ಮೊದಲನೆಯವರಿಗೆ 26ರ ರಾತ್ರಿ ಫೋನ್ ಹೋಗುತ್ತದೆ. ಆ ಹೊತ್ತಿಗೆ ಬಸ್ ಟಿಕೆಟೂ ಇಲ್ಲ, ರಜೆಯೂ ಇಲ್ಲ. ಗಡುವು ದಾಟಿದ ಆಸನ ತಾನಾಗಿ ಮುಂದಿನವರಿಗೆ ಹೋಗುತ್ತದೆ ಎಂದು ಆಯ್ಕೆ ಪತ್ರದಲ್ಲೇ ಬರೆದಿದ್ದರೆ ದಾಕ್ಷಿಣ್ಯಕ್ಕೆ ಜಾಗವಿರುವುದಿಲ್ಲ. ಬಂದಾಗ ವಾಪಸ್ ಕೊಡುವ ಒಂದಿಷ್ಟು ಠೇವಣಿ ಕೇಳುವ ರೂಢಿಯೂ ಕೆಲವು ಕಡೆ ಇದೆ. 500 ರೂಪಾಯಿ ಕಟ್ಟಿದವರು ಬಾರದಿರುವುದು ಕಡಿಮೆ, ನಿಜ. ಆದರೆ ವಿದ್ಯಾರ್ಥಿಗಳಿಗೆ ಆ ಐನೂರೇ ಅಡ್ಡಗಟ್ಟಬಹುದು, ವಾಪಸ್ ಮಾಡುವ ಲೆಕ್ಕಪತ್ರ ಬೇರೆ. ಬರುತ್ತೇನೆಂದು ಎರಡನೆಯ ಸಲ ಕೈಯಾರೆ ಬರೆಯಿಸಿಕೊಳ್ಳುವುದು ಮತ್ತು ಕಮ್ಮಟಕ್ಕೆ ಮೂರು ದಿನ ಮೊದಲು ಒಬ್ಬೊಬ್ಬರಿಗೂ ಫೋನ್ ಮಾಡುವುದು, ಇವೆರಡನ್ನು ಮಾಡಿದರೆ ಸಣ್ಣ ಕಮ್ಮಟಕ್ಕೆ ಠೇವಣಿಯ ಅಗತ್ಯ ಬೀಳುವುದಿಲ್ಲ.

ಅರ್ಜಿಯ ಕ್ರಮಕ್ಕೂ ದಾಟಲಾಗದ ಮಿತಿಗಳಿವೆ. ಅರ್ಜಿ ಎಂಬ ಮಾತು ಕೇಳಿದ ಕೂಡಲೇ ತಮಗಲ್ಲ ಇದು ಎಂದು ಹಿಂದೆ ಸರಿಯುವವರು ಇದ್ದಾರೆ, ಅವರ ಲೆಕ್ಕ ಯಾವ ಹಾಳೆಯಲ್ಲೂ ಸಿಗುವುದಿಲ್ಲ. ಅರ್ಜಿಗಳ ಸಂಖ್ಯೆ ಆಸನಗಳಿಗಿಂತ ಸ್ವಲ್ಪವೇ ಹೆಚ್ಚಿದ್ದರೆ, ಅಂದರೆ 24ಕ್ಕೆ 30 ಬಂದರೆ, ಆರು ಜನರನ್ನು ಬಿಡಲು ಇಷ್ಟೆಲ್ಲ ಏರ್ಪಾಡು ದುಬಾರಿ. ಹಿಂದಿನ ವರ್ಷಗಳಲ್ಲಿ ಬೇಡಿಕೆ ಅಷ್ಟೇ ಇದ್ದಲ್ಲಿ ಒಂದು ಅರ್ಹತೆಯನ್ನು ಮಾತ್ರ ಹೇಳಿ, ಅದು ಇದ್ದವರಲ್ಲಿ ಮೊದಲು ಬಂದವರಿಗೆ ಕೊಡುವುದೇ ಸಾಕು. ಫೋಟೊದ ಸಾಲನ್ನು ಓದಲು ಯತ್ನಿಸಿ ಕಳಿಸಿದ ಮೊದಲ 24 ಜನ, ಎಂದರೆ ಮುಗಿಯಿತು. ಆ ಒಂದು ಸಣ್ಣ ಕೆಲಸವೇ ಸುಮ್ಮನೆ ಹೆಸರು ಕೊಟ್ಟಿಡುವವರನ್ನೂ, ಪ್ರಮಾಣಪತ್ರಕ್ಕೆಂದೇ ಬರುವವರನ್ನೂ ಹೊರಗಿಡುತ್ತದೆ. ಇದಕ್ಕೆ ತದ್ವಿರುದ್ಧವಾದ ಸಂದರ್ಭವೂ ಉಂಟು. 24ಕ್ಕೆ 600 ಅರ್ಜಿ ಬರುವ ಅಂದಾಜಿದ್ದರೆ ಎಲ್ಲವನ್ನೂ ಇಬ್ಬರು ಓದುವುದು ಎಂಬತ್ತು ತಾಸಿನ ಕೆಲಸವಾಗುತ್ತದೆ. ಆಗ ಮೊದಲೇ ಚೀಟಿ ಎತ್ತಿ ನೂರಕ್ಕೆ ಇಳಿಸಿ, ಆ ನೂರನ್ನು ಮಾತ್ರ ಓದುವುದು ಮೇಲು. ಅದನ್ನೂ ಕರಪತ್ರದಲ್ಲಿ ಹೇಳಿರಬೇಕಷ್ಟೆ.

ಕಮ್ಮಟದ ದಿನ ನೋಂದಣಿಯಿಲ್ಲದೆ ಒಬ್ಬಿಬ್ಬರು ಬಂದೇ ಬರುತ್ತಾರೆ. ಮೊದಲ ದಿನದ ಲಿಪಿ ಪಾಠಕ್ಕೆ ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಲು ತೊಂದರೆಯಿಲ್ಲ, ಅದು ಉಪನ್ಯಾಸವೇ. ಎರಡನೆಯ ದಿನ ಕಲ್ಲಿನ ಹತ್ತಿರ ಬಿಡುವಂತಿಲ್ಲ. ಖಾತ್ರಿ ಹೇಳಿದ ಯಾರಾದರೂ ಬೆಳಗ್ಗೆ ಹತ್ತಕ್ಕೂ ಬಾರದಿದ್ದರೆ ಆ ಜಾಗ ಇವರಿಗೆ ಕೊಡಬಹುದು. ಆದರೆ ಅದೇ ಊರಿನಲ್ಲಿ ವೇಟಿಂಗ್ ಲಿಸ್ಟಿನವರು ಯಾರಾದರೂ ಇದ್ದರೆ ಮೊದಲು ಅವರಿಗೆ ಫೋನ್ ಮಾಡಬೇಕು. ಸಂಜೆ ಹಾಜರಿ ಹಾಳೆಯಲ್ಲಿ ಬಂದವರ ಸಹಿಯ ಜೊತೆ, ಖಾತ್ರಿ ಹೇಳಿ ಬಾರದವರ ಸಂಖ್ಯೆಯನ್ನೂ ಬರೆದಿಡಬೇಕು. ಮುಂದಿನ ಸಲ ಎಷ್ಟು ಹೆಸರು ತೆಗೆದುಕೊಳ್ಳಬೇಕು ಎಂಬ ಲೆಕ್ಕಕ್ಕೆ ಬೇಕಾಗುವುದು ಅದೇ ಸಂಖ್ಯೆ.